ಓಆರ್‌ಗೆ ಒಂದು ತಿಂಗಳು: ಮೊದಲ ಹತ್ತು ದಿನ ಒಂದೇ ಲೆಕ್ಕ

ಮೊದಲೇ ಹೇಳಿಬಿಡ್ತೀನಿ, ಆಪರೇಷನ್ಸ್ ರಿಸರ್ಚ್ ಪತ್ರಿಕೆಯನ್ನು ನಾನು ಎರಡು ಸಲ ಬರೆದವನು. ಮೊದಲ ಸಲ ಬರೆದಾಗ ಸಿಂಪ್ಲೆಕ್ಸ್ ಪ್ರಶ್ನೆಗೆ ನಾಲ್ಕು ಪುಟ ಟೇಬಲ್ ಹಾಕಿ, ಕೊನೆಗೆ ದಿನಕ್ಕೆ ಮೈನಸ್ ಮೂರು ಮೇಜು ತಯಾರಿಸಬೇಕು ಎಂದು ಉತ್ತರ ಬರೆದು, ಅದಕ್ಕೆ ಸ್ಕೇಲ್ ಇಟ್ಟು ನೀಟಾಗಿ ಬಾಕ್ಸ್ ಕೂಡ ಹಾಕಿದ್ದೆ. ಹೊರಗೆ ಬಂದ ಮೇಲೆ ಗೆಳೆಯನೊಬ್ಬ "ಮೈನಸ್ ಮೇಜು ಅಂದ್ರೆ ಏನೋ, ಇರೋ ಮೇಜು ಒಡೆದು ಹಾಕೋದಾ?" ಅಂದ. ಅಷ್ಟು ಹೊತ್ತಿಗೆ ನಗೋಕೆ ಟೈಮ್ ಮೀರಿತ್ತು.

ಆ ಸಲ ನಾನು ಓದಿರಲಿಲ್ಲ ಅಂತಲ್ಲ. ಒಂದು ತಿಂಗಳ ಪ್ಲಾನ್ ಗೋಡೆಗೆ ಅಂಟಿಸಿಕೊಂಡಿದ್ದೆ. ಸೀನಿಯರ್‌ಗಳು ಕೈ ಬದಲಾಯಿಸುತ್ತಾ ಬಂದ ಪ್ಲಾನ್ ಅದು: ವಾರಕ್ಕೊಂದು ಯೂನಿಟ್, ಕೊನೆಯ ವಾರ ಹಳೆಯ ಪ್ರಶ್ನೆಪತ್ರಿಕೆ. ಮೊದಲ ವಾರ ಫಾರ್ಮುಲೇಶನ್ ಮತ್ತು ಗ್ರಾಫ್, ಎರಡನೆಯ ವಾರ ಸಿಂಪ್ಲೆಕ್ಸ್ ಮತ್ತು ಬಿಗ್ ಎಂ, ಮೂರನೆಯ ವಾರ ಡ್ಯುಯಾಲಿಟಿ, ಆಮೇಲೆ ಟ್ರಾನ್ಸ್‌ಪೋರ್ಟೇಶನ್, ಅಸೈನ್‌ಮೆಂಟ್. ನೋಡೋಕೆ ಚೆಂದ. ಆದರೆ ಈ ಪ್ಲಾನ್ ಒಂದು ವಿಷಯವನ್ನು ಮರೆಮಾಚುತ್ತದೆ. ಇವು ಐದು ಬೇರೆ ಬೇರೆ ಪಾಠಗಳಲ್ಲ. ಒಂದೇ ಲೆಕ್ಕವನ್ನು ಐದು ಕಡೆಯಿಂದ ನೋಡುವ ವಿಧಾನಗಳು. ಬೇರೆ ಬೇರೆ ವಾರಕ್ಕೆ ಹಂಚಿದ ಕೂಡಲೇ ಒಂದು ವಿಧಾನದಿಂದ ಇನ್ನೊಂದನ್ನು ಪರೀಕ್ಷಿಸುವ ಅವಕಾಶ ಕೈತಪ್ಪುತ್ತದೆ. ನನ್ನ ಮೈನಸ್ ಮೇಜು ಹುಟ್ಟಿದ್ದು ಅಲ್ಲೇ.

ಎರಡನೆಯ ಸಲ ನಾನು ಮಾಡಿದ್ದು, ಈಗ ಜೂನಿಯರ್‌ಗಳಿಗೆ ಹೇಳುತ್ತಿರುವುದು ಇಷ್ಟು: ಮೂವತ್ತು ದಿನದಲ್ಲಿ ಮೊದಲ ಹತ್ತು ದಿನ ಒಂದೇ ಒಂದು ಲೆಕ್ಕ ಇಟ್ಟುಕೊಳ್ಳಿ. ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು. ನನ್ನದು ಹಾಸ್ಟೆಲ್ ಪಕ್ಕದ ಬೇಕರಿ ಲೆಕ್ಕ.

ಬೇಕರಿಯಲ್ಲಿ ಖಾರಾ ಬನ್, ವೆಜ್ ಪಫ್ ಎರಡೇ ಮಾಡ್ತಾರೆ ಅಂದುಕೊಳ್ಳಿ. ಒಂದು ಟ್ರೇ ಬನ್‌ಗೆ 2 ಕೆಜಿ ಮೈದಾ, ಓವನ್‌ನಲ್ಲಿ ಒಂದು ಸರದಿ. ಒಂದು ಟ್ರೇ ಪಫ್‌ಗೆ 1 ಕೆಜಿ ಮೈದಾ, ಓವನ್‌ನಲ್ಲಿ ಎರಡು ಸರದಿ. ದಿನಕ್ಕೆ ಮೈದಾ 20 ಕೆಜಿ, ಓವನ್ ಸರದಿ 22. ಟ್ರೇಗೆ ಲಾಭ ಬನ್‌ನಲ್ಲಿ 50 ರೂಪಾಯಿ, ಪಫ್‌ನಲ್ಲಿ 40. (ಈ ಲಾಭ ನೋಡಿದರೆ ಬೇಕರಿಯವರು ನಗ್ತಾರೆ ಅಂತ ಗೊತ್ತು. ಅಂಕಿ ಚಿಕ್ಕದಿರಲಿ ಅಂತ ಹಾಗೆ ಇಟ್ಟಿದ್ದೀನಿ.)

```
Max Z = 50x1 + 40x2
2x1 +  x2 ≤ 20
 x1 + 2x2 ≤ 22
x1, x2 ≥ 0
```

ಮೊದಲ ಎರಡು ದಿನ ಫಾರ್ಮುಲೇಶನ್ ಮತ್ತು ಗ್ರಾಫ್. ಫಾರ್ಮುಲೇಶನ್‌ನಲ್ಲಿ ನಾವು ಮಾರ್ಕ್ಸ್ ಕಳೆದುಕೊಳ್ಳುವುದು ಸಣ್ಣ ಜಾಗಗಳಲ್ಲಿ. "x1 = ಬನ್" ಎಂದು ಬರೆದರೆ ಅದು ವೇರಿಯಬಲ್ ಆಗಲಿಲ್ಲ. "x1 = ದಿನಕ್ಕೆ ಮಾಡುವ ಬನ್ ಟ್ರೇಗಳ ಸಂಖ್ಯೆ" ಎಂದು ಬರೆದರೆ ಮಾತ್ರ ಆಯಿತು. ಇನ್ನೊಂದು ಜಾಗ ಅನುಪಾತದ ವಾಕ್ಯ. "ಬನ್ ಪಫ್‌ಗಿಂತ ಕನಿಷ್ಠ ಎರಡು ಪಟ್ಟು ಇರಬೇಕು" ಅಂದರೆ ನಮ್ಮಲ್ಲಿ ಅರ್ಧ ಜನ 2x1 ≥ x2 ಅಂತ ಬರೀತಾರೆ, ಏಕೆಂದರೆ ವಾಕ್ಯದಲ್ಲಿ ಬನ್ ಮತ್ತು ಎರಡು ಒಟ್ಟಿಗೆ ಕಿವಿಗೆ ಬೀಳುತ್ತವೆ. ಸರಿಯಾದದ್ದು x1 ≥ 2x2. ಅನುಮಾನ ಬಂದಾಗ ಅಂಕಿ ಹಾಕಿ ನೋಡಿ: 5 ಪಫ್, 5 ಬನ್ ಇದ್ದರೆ ಷರತ್ತು ಮುರಿಯಬೇಕು. 2x1 ≥ x2 ನಲ್ಲಿ 10 ≥ 5 ಅಂತ ಸಲೀಸಾಗಿ ಪಾಸಾಗುತ್ತೆ. ಅಲ್ಲಿಗೆ ತಪ್ಪು ಸಿಕ್ಕಿತು.

ಗ್ರಾಫ್ ಹಾಕಿದರೆ ನಾಲ್ಕು ಮೂಲೆ ಸಿಗುತ್ತವೆ: (0,0), (10,0), (6,8), (0,11). Z ಕ್ರಮವಾಗಿ 0, 500, 620, 440. ಉತ್ತರ 6 ಟ್ರೇ ಬನ್, 8 ಟ್ರೇ ಪಫ್, ಲಾಭ 620 ರೂಪಾಯಿ. ಗ್ರಾಫ್ ಶೀಟನ್ನು ಎಸೆಯಬೇಡಿ. ಮುಂದಿನ ಎಂಟು ದಿನ ಅದು ಮೇಜಿನ ಮೇಲೇ ಇರಬೇಕು.

ಮೂರನೆಯ ದಿನದಿಂದ ಅದೇ ಲೆಕ್ಕ ಸಿಂಪ್ಲೆಕ್ಸ್‌ನಲ್ಲಿ. ಇಲ್ಲಿ ಒಂದು ಗಟ್ಟಿ ಮಾತು: Zj − Cj ಬಳಸುತ್ತೀರೋ Cj − Zj ಬಳಸುತ್ತೀರೋ ಮೊದಲ ದಿನವೇ ತೀರ್ಮಾನಿಸಿ, ಆಮೇಲೆ ಬದಲಾಯಿಸಬೇಡಿ. ಕ್ಲಾಸ್ ನೋಟ್ಸ್‌ನಲ್ಲಿ ಒಂದು, ಲೈಬ್ರರಿ ಪುಸ್ತಕದಲ್ಲಿ ಇನ್ನೊಂದು, ಯೂಟ್ಯೂಬ್‌ನಲ್ಲಿ ಮತ್ತೊಂದು ಇರುತ್ತೆ. ಎರಡೂ ಸರಿ, ಚಿಹ್ನೆ ಮಾತ್ರ ತಿರುಗಿರುತ್ತದೆ. ಆದರೆ ಒಂದರಲ್ಲಿ ಟೇಬಲ್ ಹಾಕಿ ಇನ್ನೊಂದರ ನಿಯಮದಲ್ಲಿ ನಿಲ್ಲಿಸಿದರೆ ಮೊದಲ ಟೇಬಲ್ಲೇ ಆಪ್ಟಿಮಮ್ ಅಂತ ಕಾಣುತ್ತದೆ. ನಾನು ಇಲ್ಲಿ Zj − Cj ಬಳಸಿದ್ದೀನಿ. ಗರಿಷ್ಠ ಬೇಕಿದ್ದಾಗ ಅತಿ ಹೆಚ್ಚು ಮೈನಸ್ ಇರುವ ಕಾಲಂ ಒಳಗೆ ಬರುತ್ತೆ.

ಮೊದಲ ಟೇಬಲ್‌ನಲ್ಲಿ s1 = 20, s2 = 22, Z = 0. ಗ್ರಾಫ್ ಶೀಟ್ ನೋಡಿ, ಅದು (0,0) ಮೂಲೆ. ಕೆಳಸಾಲಿನಲ್ಲಿ −50, −40 ಇವೆ, ಹಾಗಾಗಿ x1 ಒಳಗೆ ಬರುತ್ತದೆ. ಅನುಪಾತ 20/2 = 10, 22/1 = 22. ಚಿಕ್ಕದು 10, ಆದ್ದರಿಂದ s1 ಹೊರಗೆ. ಎರಡನೆಯ ಟೇಬಲ್‌ನಲ್ಲಿ x1 = 10, s2 = 12, Z = 500. ಅದು (10,0) ಮೂಲೆ. ಕೆಳಸಾಲಿನಲ್ಲಿ x2 ಕೆಳಗೆ ಇನ್ನೂ −15 ಇದೆ. x2 ಒಳಗೆ, ಅನುಪಾತ 20 ಮತ್ತು 8, s2 ಹೊರಗೆ. ಮೂರನೆಯ ಟೇಬಲ್ ಹೀಗೆ ನಿಲ್ಲುತ್ತದೆ:

```
ಬೇಸಿಸ್    x1   x2    s1     s2     b
x1         1    0    2/3   -1/3     6
x2         0    1   -1/3    2/3     8
Zj − Cj    0    0    20     10    620
```

(6,8) ಮೂಲೆ. ಅಂದರೆ ಸಿಂಪ್ಲೆಕ್ಸ್ ಅನ್ನೋದು ಗ್ರಾಫ್‌ನ ಅಂಚಿನ ಮೇಲೆ ಒಂದು ಮೂಲೆಯಿಂದ ಪಕ್ಕದ ಮೂಲೆಗೆ ನಡೆಯೋದು, ಅಷ್ಟೇ. ನನಗೆ ಇದು ಗೊತ್ತಾಗಿದ್ದು ಬ್ಯಾಕ್‌ಲಾಗ್ ಬಂದ ಮೇಲೆ. ಎರಡೂ ಬೇರೆ ಬೇರೆ ವಾರದ ಪಾಠಗಳಾಗಿದ್ದಾಗ ಇವುಗಳ ನಡುವೆ ಸಂಬಂಧ ಇರಬಹುದು ಎಂಬ ಗುಮಾನಿಯೂ ಬಂದಿರಲಿಲ್ಲ.

ಈಗ ಬೇಕಂತಲೇ ತಪ್ಪು ಮಾಡಿ. ಮೊದಲ ಟೇಬಲ್‌ನಲ್ಲಿ ಚಿಕ್ಕ ಅನುಪಾತದ ಬದಲು ದೊಡ್ಡದಾದ 22 ಆರಿಸಿ. x1 = 22 ಆಗುತ್ತದೆ, s1 = 20 − 44 = −24. 22 ಟ್ರೇ ಬನ್ ಮಾಡೋಕೆ ಹೋಗಿ ಬೇಕರಿ 24 ಕೆಜಿ ಮೈದಾ ಸಾಲ ಮಾಡಿತು. ಗ್ರಾಫ್‌ನಲ್ಲಿ ಈ ಬಿಂದು ನೆರಳು ಹಾಕಿದ ಜಾಗದ ಹೊರಗಿದೆ. ಮೊದಲ ಸಲ ಪರೀಕ್ಷೆಯಲ್ಲಿ ನಾನು ಮಾಡಿದ್ದು ಇದನ್ನೇ. b ಕಾಲಂನಲ್ಲಿ ಮೈನಸ್ ಬಂದದ್ದು ಕಣ್ಣೆದುರಿಗಿತ್ತು, ಆದರೂ ಮುಂದಿನ ಎರಡು ಟೇಬಲ್ ಹಾಕುತ್ತಾ ಹೋದೆ.

ಹಾಗಾಗಿ ಪ್ರತಿ ಟೇಬಲ್ ಮುಗಿದಾಗ ಪೆನ್ ಕೆಳಗಿಟ್ಟು ಮೂರು ಕಡೆ ಕಣ್ಣು ಹಾಯಿಸುವ ಅಭ್ಯಾಸವನ್ನು ಈ ಹತ್ತು ದಿನದಲ್ಲೇ ಮಾಡಿಕೊಳ್ಳಿ. b ಕಾಲಂನಲ್ಲಿ ಮೈನಸ್ ಇದ್ದರೆ ಅನುಪಾತದಲ್ಲಿ ತಪ್ಪಾಗಿದೆ. Z ಹಿಂದಿನ ಟೇಬಲ್‌ಗಿಂತ ಕಡಿಮೆಯಾಗಿದ್ದರೆ ಒಳಗೆ ತಂದ ಕಾಲಂ ತಪ್ಪು, ಇಲ್ಲವೇ ಚಿಹ್ನೆ ತಪ್ಪು. ಬೇಸಿಸ್‌ನಲ್ಲಿರುವ ವೇರಿಯಬಲ್‌ನ ಕಾಲಂನಲ್ಲಿ ಒಂದು 1, ಉಳಿದದ್ದು 0 ಇಲ್ಲದಿದ್ದರೆ ಸಾಲಿನ ಕಳೆಯುವ ಲೆಕ್ಕದಲ್ಲಿ ಎಡವಿದ್ದೀರಿ. ಎಲ್ಲ ಸೇರಿ ಒಂದು ನಿಮಿಷವೂ ಬೇಡ. ಕೊನೆಯ ಟೇಬಲ್ ಆದ ಮೇಲೆ ಉತ್ತರವನ್ನು ಮೂಲ ಷರತ್ತುಗಳಲ್ಲಿ ಹಾಕಿ ನೋಡಿ: 12 + 8 = 20, 6 + 16 = 22. ಎರಡೂ ಪೂರ್ತಿ ಖರ್ಚಾಗಿವೆ, ಟೇಬಲ್‌ನಲ್ಲೂ s1, s2 ಬೇಸಿಸ್‌ನ ಹೊರಗಿವೆ. ತಾಳೆಯಾಯಿತು.

ಆರನೆಯ ದಿನ ಡ್ಯುಯಲ್. ಇದನ್ನು ಬಹಳ ಜನ ಕೋಷ್ಟಕ ತಿರುಗಿಸುವ ಸರ್ಕಸ್ ಅಂತ ಬಾಯಿಪಾಠ ಮಾಡ್ತಾರೆ. ಬೇಕರಿ ಲೆಕ್ಕದಲ್ಲಿ ಹೀಗೆ ಯೋಚಿಸಿ. ಪಕ್ಕದ ರಸ್ತೆಯ ಸ್ವೀಟ್ ಅಂಗಡಿಯವರು ಬಂದು "ನಿಮ್ಮ ಮೈದಾ, ಓವನ್ ಸರದಿ ಎಲ್ಲಾ ಇವತ್ತು ನಮಗೆ ಕೊಡಿ, ಕೆಜಿಗೆ y1, ಸರದಿಗೆ y2 ಕೊಡ್ತೀವಿ" ಅಂತಾರೆ. ಇದು ಸಾಮಾನು ಕೊಂಡ ಬೆಲೆಯ ಮಾತಲ್ಲ, ಬೇಕರಿ ಬಿಟ್ಟುಕೊಡುವ ಲಾಭದ ಮಾತು. ಅವರು ಒಟ್ಟು 20y1 + 22y2 ಕಡಿಮೆ ಮಾಡಲು ನೋಡುತ್ತಾರೆ. ಬೇಕರಿಯವರು ಸುಮ್ಮನೆ ಒಪ್ಪಲ್ಲ. ಒಂದು ಟ್ರೇ ಬನ್‌ಗೆ ಹೋಗುವ ಸಾಮಾನಿಗೆ ಕನಿಷ್ಠ 50 ಬರಬೇಕು, ಅಂದರೆ 2y1 + y2 ≥ 50. ಪಫ್‌ನ ಸಾಮಾನಿಗೆ ಕನಿಷ್ಠ 40, ಅಂದರೆ y1 + 2y2 ≥ 40. ಬಿಡಿಸಿದರೆ y1 = 20, y2 = 10, ಒಟ್ಟು 400 + 220 = 620. ಅದೇ 620!

ಈಗ ಮೇಲಿನ ಮೂರನೆಯ ಟೇಬಲ್‌ನ ಕೆಳಸಾಲನ್ನು ಮತ್ತೊಮ್ಮೆ ನೋಡಿ. s1 ಕೆಳಗೆ 20, s2 ಕೆಳಗೆ 10. ಡ್ಯುಯಲ್‌ನ ಉತ್ತರ ನಿಮ್ಮ ಸಿಂಪ್ಲೆಕ್ಸ್ ಟೇಬಲ್‌ನಲ್ಲಿ ಆಗಲೇ ಕೂತಿತ್ತು. ಪರೀಕ್ಷೆಯಲ್ಲಿ "ಡ್ಯುಯಲ್ ಬರೆದು ಅದರ ಉತ್ತರವನ್ನೂ ಕಂಡುಹಿಡಿಯಿರಿ" ಅಂದಾಗ ಮತ್ತೆ ಮೂರು ಟೇಬಲ್ ಹಾಕಬೇಕಿಲ್ಲ. ಇನ್ನೂ ಮುಖ್ಯವಾದ ಉಪಯೋಗ ತಾಳೆ ನೋಡುವುದು. ಮೂಲ ಲೆಕ್ಕದ Z, ಡ್ಯುಯಲ್‌ನ ಬೆಲೆಗಳಿಂದ ಬಂದ ಮೊತ್ತ, ಎರಡೂ ಒಂದೇ ಆಗಿ, ಎರಡೂ ಕಡೆಯ ಷರತ್ತುಗಳು ಉಳಿದರೆ ನಿಮ್ಮ ಉತ್ತರ ಆಪ್ಟಿಮಮ್. ಇಷ್ಟು ಗಟ್ಟಿಯಾದ ಖಾತ್ರಿ ಹಾಲ್‌ನಲ್ಲಿ ಬೇರೆ ಯಾವ ಪೇಪರ್‌ನಲ್ಲೂ ನನಗಂತೂ ಸಿಕ್ಕಿಲ್ಲ.

ಆ 20ಕ್ಕೆ ಅರ್ಥವೂ ಇದೆ. ಮೈದಾ ಒಂದು ಕೆಜಿ ಹೆಚ್ಚಾದರೆ ಲಾಭ 20 ರೂಪಾಯಿ ಹೆಚ್ಚುತ್ತದೆ. 23 ಕೆಜಿ ಹಾಕಿ ಮತ್ತೆ ಬಿಡಿಸಿದರೆ 8 ಬನ್, 7 ಪಫ್, Z = 400 + 280 = 680. ಸರಿಯಾಗಿ 60 ಹೆಚ್ಚು. ಹಾಗಂತ ಲಾರಿಗಟ್ಟಲೆ ಮೈದಾ ತಂದರೆ ಲಾಭ ಏರುತ್ತಲೇ ಹೋಗಲ್ಲ. 44 ಕೆಜಿ ಆದಾಗ ಪಫ್ ಸೊನ್ನೆಗೆ ಇಳಿದು ಓವನ್ ಪೂರ್ತಿ ಬನ್‌ನಿಂದ ತುಂಬಿರುತ್ತದೆ, ಅದರ ಮೇಲೆ ಮೈದಾ ಇಡೋಕೆ ಜಾಗ ಹುಡುಕಬೇಕಷ್ಟೆ. ಕೆಳಗಡೆ ಮಿತಿ 11 ಕೆಜಿ. ಈ ಎರಡು ಅಂಕಿ ಟೇಬಲ್‌ನ s1 ಕಾಲಂನಿಂದಲೇ ಬರುತ್ತವೆ: ಮೈದಾ d ಕೆಜಿ ಬದಲಾದರೆ x1 = 6 + (2/3)d, x2 = 8 − (1/3)d. ಎರಡೂ ಸೊನ್ನೆಗಿಂತ ಕೆಳಗೆ ಇಳಿಯಬಾರದು, ಅಷ್ಟೇ ಲೆಕ್ಕ.

ಎಂಟನೆಯ ದಿನ ಒಂದು ಷರತ್ತು ಸೇರಿಸಿ. ಕ್ಯಾಂಟೀನ್‌ನವರು ದಿನಕ್ಕೆ ಕನಿಷ್ಠ 7 ಟ್ರೇ ಬನ್ ಬೇಕೇ ಬೇಕು ಅಂದರು: x1 ≥ 7. ಈಗ ಮೊದಲಿನಿಂದ ಬಿಗ್ ಎಂ ಹಾಕಿ. x1 − s3 + a1 = 7 ಎಂದು ಬರೆಯಬೇಕು. ಸರ್‌ಪ್ಲಸ್‌ಗೆ ಮೈನಸ್, ಆರ್ಟಿಫಿಶಿಯಲ್‌ಗೆ ಪ್ಲಸ್, ಮತ್ತು Z ನಲ್ಲಿ a1 ಗೆ −M. ಮಿನಿಮೈಸೇಶನ್ ಆದರೆ +M. ಕಣ್ಣು ಮುಚ್ಚಿ ಎಲ್ಲದಕ್ಕೂ −M ಹಾಕುವವರು ಪ್ರತಿ ಬ್ಯಾಚ್‌ನಲ್ಲೂ ಇರ್ತಾರೆ. ಮೂರು ಸಲ ಪಿವೋಟ್ ಮಾಡಿದ ಮೇಲೆ 7 ಬನ್, 6 ಪಫ್, Z = 590 ಬರುತ್ತದೆ. ಟೂ ಫೇಸ್‌ನಲ್ಲೂ ಒಂದು ಸಲ ಮಾಡಿ, ಅದೇ 590.

ಹತ್ತನೆಯ ದಿನ ಇದೇ ಷರತ್ತನ್ನು ಹಳೆಯ ಮೂರನೆಯ ಟೇಬಲ್‌ಗೆ ಸೇರಿಸಿ ಡ್ಯುಯಲ್ ಸಿಂಪ್ಲೆಕ್ಸ್ ಮಾಡಿ. ಹೊಸ ಸಾಲು (2/3)s1 − (1/3)s2 + s3 = −1 ಆಗುತ್ತದೆ. ಮೈನಸ್ ಇರುವ ಒಂದೇ ಜಾಗ s2, ಪಿವೋಟ್ ಅಲ್ಲೇ. ಒಂದೇ ಹೆಜ್ಜೆಯಲ್ಲಿ 7, 6, 590. ಇಲ್ಲಿ ಮಾತ್ರ b ಕಾಲಂನಲ್ಲಿ ಮೈನಸ್ ಇರುವುದು ತಪ್ಪಲ್ಲ, ಅಲ್ಲಿಂದಲೇ ಶುರು. ಹಾಗಾದರೆ ಡ್ಯುಯಲ್ ಸಿಂಪ್ಲೆಕ್ಸ್ ಯಾವಾಗ ಹಾಕಬೇಕು ಅನ್ನೋ ಪ್ರಶ್ನೆಗೆ ಉತ್ತರವೂ ಸಿಕ್ಕಿತು: ಕೆಳಸಾಲು ಸರಿಯಿದ್ದು b ಕೆಟ್ಟಿದ್ದಾಗ. ಬಾಯಿಪಾಠ ಮಾಡಿದಾಗ ಈ ವಾಕ್ಯ ನನ್ನ ತಲೆಯಲ್ಲಿ ಒಂದು ದಿನವೂ ನಿಂತಿರಲಿಲ್ಲ.

"ಹತ್ತು ದಿನ ಎರಡು ವೇರಿಯಬಲ್ ಲೆಕ್ಕದಲ್ಲಿ ಕಳೆದರೆ ಉಳಿದದ್ದು ಯಾವಾಗ?" ಅಂತ ರೂಮ್‌ಮೇಟ್ ಕೇಳಿದ್ದ. ನ್ಯಾಯವಾದ ಪ್ರಶ್ನೆ. ಹನ್ನೊಂದರಿಂದ ಹದಿನಾರರವರೆಗೆ ಹಳೆಯ ಪತ್ರಿಕೆಗಳ ಮೂರು ವೇರಿಯಬಲ್ ಲೆಕ್ಕಗಳು, ದಿನಕ್ಕೆ ಎರಡರಂತೆ. ವಿಶೇಷ ಪ್ರಕರಣಗಳಿಗೆ ಬೇರೆ ಲೆಕ್ಕ ಹುಡುಕಬೇಡಿ, ಬೇಕರಿಯನ್ನೇ ಸ್ವಲ್ಪ ಕೆಡಿಸಿ. ಪಫ್ ಲಾಭವನ್ನು 25ಕ್ಕೆ ಇಳಿಸಿದರೆ (10,0) ಮತ್ತು (6,8) ಎರಡರಲ್ಲೂ 500 ಬರುತ್ತದೆ, ಎರಡನೆಯ ಟೇಬಲ್‌ನಲ್ಲಿ ಬೇಸಿಸ್ ಹೊರಗಿರುವ x2 ಕೆಳಗೆ ಸೊನ್ನೆ ಕಾಣುತ್ತದೆ. ಬದಲಿ ಉತ್ತರ ಇದೆ ಅನ್ನೋಕೆ ಅದೇ ಗುರುತು. ಕ್ಯಾಂಟೀನ್ 12 ಟ್ರೇ ಕೇಳಿದರೆ 24 ಕೆಜಿ ಮೈದಾ ಬೇಕು, ಇರೋದು 20. ಬಿಗ್ ಎಂ ಟೇಬಲ್ ನಿಂತ ಮೇಲೂ a1 = 2 ಬೇಸಿಸ್‌ನಲ್ಲಿ ಉಳಿದಿರುತ್ತದೆ. ಇನ್‌ಫೀಸಿಬಲ್ ಅಂದರೆ ಅದು.

ಹದಿನೇಳರಿಂದ ಇಪ್ಪತ್ತೆರಡು ಟ್ರಾನ್ಸ್‌ಪೋರ್ಟೇಶನ್, ಅಸೈನ್‌ಮೆಂಟ್. ಆರು ದಿನ ಸಾಕೇ ಸಾಕು. ವೋಗೆಲ್ ವಿಧಾನದ ಉತ್ತರವನ್ನೇ ಅಂತಿಮ ಅಂದುಕೊಂಡು ನಿಲ್ಲಿಸಬೇಡಿ, ಅದು ಆರಂಭ ಮಾತ್ರ, ಮೋಡಿ ಮಾಡಲೇಬೇಕು. ಮೋಡಿಯಲ್ಲಿ ಬರುವ u, v ಕೂಡ ಡ್ಯುಯಲ್ ಬೆಲೆಗಳೇ. ಆದ್ದರಿಂದ ಒಂದು ತಾಳೆ ಸಿಗುತ್ತದೆ: ಪ್ರತಿ ಸಾಲಿನ ಪೂರೈಕೆಯನ್ನು ಅದರ u ಯಿಂದ, ಪ್ರತಿ ಕಾಲಂನ ಬೇಡಿಕೆಯನ್ನು ಅದರ v ಯಿಂದ ಗುಣಿಸಿ ಎಲ್ಲ ಕೂಡಿದರೆ ಒಟ್ಟು ವೆಚ್ಚವೇ ಬರಬೇಕು. ಬರದಿದ್ದರೆ u, v ಅಥವಾ ಹಂಚಿಕೆಯಲ್ಲಿ ತಪ್ಪಿದೆ. ಬಂದರೆ ಲೆಕ್ಕ ಸರಿ ಎಂದಷ್ಟೇ ಅರ್ಥ, ಆಪ್ಟಿಮಮ್ ಎಂದಲ್ಲ. ಅದಕ್ಕೆ ಖಾಲಿ ಮನೆಗಳನ್ನು ನೋಡಲೇಬೇಕು. ಅಸೈನ್‌ಮೆಂಟ್‌ನಲ್ಲಿ ಸಾಲು, ಕಾಲಂಗಳಿಂದ ಕಳೆದ ಅಂಕಿಗಳನ್ನೆಲ್ಲ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಅಷ್ಟರಲ್ಲೇ ಉತ್ತರ ಸಿಕ್ಕರೆ ಅವುಗಳ ಮೊತ್ತವೇ ಕನಿಷ್ಠ ವೆಚ್ಚ. ಗೆರೆ ಎಳೆಯಬೇಕಾಗಿ ಬಂದರೆ, ಪ್ರತಿ ಸಲ ಕಳೆದ ಅಂಕಿಯನ್ನು (n − ಗೆರೆಗಳ ಸಂಖ್ಯೆ) ಇಂದ ಗುಣಿಸಿ ಸೇರಿಸಿ.

ಪಾಸಾದರೆ ಸಾಕು ಅನ್ನುವವರಿಗೆ ಈ ಪ್ಲಾನ್ ಬೇಕಿಲ್ಲ, ನಿಜ ಹೇಳ್ತೀನಿ. ಟ್ರಾನ್ಸ್‌ಪೋರ್ಟೇಶನ್, ಅಸೈನ್‌ಮೆಂಟ್ ಗಟ್ಟಿ ಮಾಡಿ, ಉಳಿದ ಯೂನಿಟ್‌ಗಳಲ್ಲಿ ಅಷ್ಟಿಷ್ಟು ಬರೆದರೆ ದಡ ಸೇರಬಹುದು. ಹಳೆಯ ಪ್ರಶ್ನೆಪತ್ರಿಕೆ ಐದು ವರ್ಷದ್ದು ಬಿಡಿಸುವ ಸೀನಿಯರ್ ಪ್ಲಾನ್ ಕೂಡ ಕೈಗೆ ವೇಗ ಕೊಡುತ್ತದೆ, ಅದನ್ನು ಅಲ್ಲಗಳೆಯಲ್ಲ. ನನ್ನ ತಕರಾರು ಒಂದೇ: ಐವತ್ತು ಲೆಕ್ಕ ಒಂದೊಂದು ಸಲ ಮಾಡಿದವನಿಗೆ ತನ್ನ ಉತ್ತರ ತಪ್ಪಿದೆ ಅಂತ ಯಾರಾದರೂ ಹೇಳಬೇಕು. ಹಾಲ್‌ನಲ್ಲಿ ಹೇಳುವವರು ಯಾರೂ ಇರಲ್ಲ.

ಕೊನೆಯ ಎಂಟು ದಿನ ಗಡಿಯಾರ ಇಟ್ಟುಕೊಂಡು. ಮೂರು ಗಂಟೆಗೆ ಐದು ಪೂರ್ಣ ಪ್ರಶ್ನೆ ಅಂದರೆ ಒಂದಕ್ಕೆ 36 ನಿಮಿಷ. ಮೂರು ನಿಮಿಷ ತಾಳೆ ನೋಡೋಕೆ ತೆಗೆದಿಟ್ಟರೆ 33. ದಶಮಾಂಶಕ್ಕೆ ಹೋಗದೆ ಭಿನ್ನರಾಶಿಯಲ್ಲೇ ಮಾಡಿ. 2/3ನ್ನು 0.67 ಮಾಡಿದರೆ ಮೂರನೆಯ ಟೇಬಲ್ ಹೊತ್ತಿಗೆ ಸೊನ್ನೆ ಬರಬೇಕಾದ ಕಡೆ 0.01 ಕೂತು ಕೀಟಲೆ ಮಾಡುತ್ತೆ. ಪಿವೋಟ್ ಸಂಖ್ಯೆಗೆ ಸುತ್ತು ಹಾಕಿ. ಟೇಬಲ್‌ಗೆ ಸ್ಕೇಲ್ ಬೇಡ, ಕೈಗೆರೆ ಸಾಕು, ಅಲ್ಲಿ ಉಳಿದ ಸಮಯದಲ್ಲಿ b ಕಾಲಂ ಇನ್ನೊಮ್ಮೆ ನೋಡಿ.